ಚೀಲ ಹೋದರೆ ರೊಕ್ಕ

“ಕೇಳಿದ್ದು 6 ಕೋಟಿ ರೂಪಾಯಿ. 5 ಕೋಟಿ 40 ಲಕ್ಷಕ್ಕೆ, ಕೆಳಗೆ ಕಾಣಿಸಿದ ಆರು ಷರತ್ತುಗಳಿಗೆ ಒಳಪಟ್ಟು, ಮಂಜೂರಾತಿಗೆ ಶಿಫಾರಸು ಮಾಡಿದೆ.” ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಸಾಲ ಕೊಡುವ ಬಗ್ಗೆ ಬರೆದ ಹನ್ನೊಂದು ಪುಟದ ನೋಟ್ ಮುಗಿಯುವುದು ಹೀಗೆ. ಬ್ಯಾಂಕಿನಲ್ಲಿ ಇಂಥ ನೋಟುಗಳು ದಿನಕ್ಕೊಂದು ಮೇಜಿನ ಮೇಲೆ ಬೀಳುತ್ತವೆ. ಹೆಚ್ಚಿನವನ್ನು ಓದುವುದು ಸಹಿ ಹಾಕುವುದಕ್ಕೆ. ಇದನ್ನು ಮಾತ್ರ ನಾನು ಸಹಿಯಾದ ಮೇಲೂ ಓದಿದ್ದೇನೆ, ಒಳ್ಳೆಯ ಬರಹವೊಂದನ್ನು ಮತ್ತೆ ಓದುವ ಹಾಗೆ. ಆ ಸಂಸ್ಥೆಯ ಗುರುತು ಸಿಗದಂತೆ ಅಂಕಿಗಳನ್ನು ಅಷ್ಟಿಷ್ಟು ಬದಲಿಸಿ, ದುಂಡಾಗಿಸಿ ಇಲ್ಲಿ ಕೊಡುತ್ತೇನೆ. ಲೆಕ್ಕದ ನಡೆ ಮಾತ್ರ ಅದರದ್ದೇ.

ಬರೆದವರು ಶಾಖೆಯ ಸಾಲ ವಿಭಾಗದ ಅಧಿಕಾರಿ, ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗದ ಹೆಣ್ಣುಮಗಳು. ಅವರ ಮುಂದಿದ್ದ ಪ್ರಸ್ತಾವ ಸರಳವಾಗಿತ್ತು. ನಾಲ್ವರು ಪಾಲುದಾರರ ಒಂದು ಸಂಸ್ಥೆಗೆ 80,000 ಚೀಲ ಹಿಡಿಸುವ ಹಳೆಯ ಕೋಲ್ಡ್ ಸ್ಟೋರೇಜ್ ಇದೆ, ಅದರ ಸಾಲ ತೀರಿದೆ. ಪಕ್ಕದಲ್ಲೇ ಇನ್ನೂ ಒಂದು ಲಕ್ಷ ಚೀಲ ಹಿಡಿಸುವ ಹೊಸ ಕಟ್ಟಡ ಕಟ್ಟಬೇಕು. ಖರ್ಚು 8 ಕೋಟಿ. ಅದರಲ್ಲಿ 2 ಕೋಟಿ ಪಾಲುದಾರರು ಹಾಕುತ್ತಾರೆ, ಬ್ಯಾಂಕು 6 ಕೋಟಿ ಕೊಡಬೇಕು. ಕಟ್ಟಡ ಏಳುವವರೆಗೆ ಒಂದು ವರ್ಷ ಬಿಡುವು, ಆಮೇಲೆ ಆರು ವರ್ಷಗಳಲ್ಲಿ ಮಾಸಿಕ ಕಂತಿನಲ್ಲಿ ತೀರುವಳಿ.

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣದಿಂದ. ಕಡ್ಡಿಯಾಗಲಿ ಡಬ್ಬಿಯಾಗಲಿ, ಆ ಕಡುಗೆಂಪು ಬಯಲಿನ ಬೇಸಗೆಯ ಶಾಖದಲ್ಲಿ ಮಾಸುತ್ತ ಹೋಗುತ್ತದೆ. ತಂಪಿನಲ್ಲಿಟ್ಟರೆ ಉಳಿಯುತ್ತದೆ. ಹಾಗಾಗಿ ಜನವರಿಯಿಂದ ಏಪ್ರಿಲ್‌ವರೆಗೆ ಮಾರುಕಟ್ಟೆಗೆ ಬಂದ ಮಾಲಿನಲ್ಲಿ ದೊಡ್ಡ ಪಾಲು ಕೋಲ್ಡ್ ಸ್ಟೋರೇಜ್ ಸೇರುತ್ತದೆ, ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬರುತ್ತದೆ. ಇಟ್ಟವರು ವ್ಯಾಪಾರಿಗಳು, ದಲಾಲರು, ಒಳ್ಳೆಯ ದರಕ್ಕೆ ಕಾಯುವ ರೈತರು. ಚೀಲಕ್ಕೆ ಹಂಗಾಮಿಗೆ ಇಷ್ಟು ಎಂದು ಬಾಡಿಗೆ. ನಮ್ಮ ಲೆಕ್ಕದಲ್ಲಿ ಅದು 200 ರೂಪಾಯಿ ಇರಲಿ.

ಸಂಸ್ಥೆಯ ಲೆಕ್ಕಪರಿಶೋಧಕರು ಮಾಡಿಕೊಟ್ಟಿದ್ದ ಅಂದಾಜು ಪಟ್ಟಿಯಲ್ಲಿ ಎಲ್ಲವೂ ನಗುನಗುತ್ತಿತ್ತು. ಎರಡೂ ಕಟ್ಟಡ ಸೇರಿ 1,80,000 ಚೀಲದ ಜಾಗ, ಅದರಲ್ಲಿ ಶೇ. 95 ಭರ್ತಿ, ಬಾಡಿಗೆ 342 ಲಕ್ಷ. ಕರೆಂಟು, ಸಂಬಳ, ವಿಮೆ, ರಿಪೇರಿ ಎಲ್ಲ ಸೇರಿ 112 ಲಕ್ಷ. ಉಳಿಯುವುದು 230 ಲಕ್ಷ. ಮೊದಲ ವರ್ಷದ ಬಡ್ಡಿ 55 ಲಕ್ಷ. ಅಂದರೆ ಬಡ್ಡಿಯ ನಾಲ್ಕು ಪಟ್ಟಿಗೂ ಹೆಚ್ಚು ಗಳಿಕೆ. ಈ ‘ನಾಲ್ಕು ಪಟ್ಟು’ ಎಂಬುದನ್ನು ಅವರು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು.

ನೋಟ್ ಇದನ್ನು ಅಲ್ಲಗಳೆಯುವುದಿಲ್ಲ. ಎರಡೇ ವಾಕ್ಯದಲ್ಲಿ ಪಕ್ಕಕ್ಕೆ ಸರಿಸುತ್ತದೆ: ಬಡ್ಡಿಯೊಂದನ್ನೇ ನೋಡಿದರೆ ಅಸಲು ಯಾರು ಕಟ್ಟುತ್ತಾರೆ ಎಂಬುದು ತಿಳಿಯುವುದಿಲ್ಲ, ಸಾಲ ತೀರಬೇಕಾದರೆ ಎರಡೂ ತೀರಬೇಕು. ಅದಕ್ಕಾಗಿ ಬ್ಯಾಂಕಿನವರು ಡಿ.ಎಸ್.ಸಿ.ಆರ್. ಎಂಬ ಅನುಪಾತ ಹಿಡಿಯುತ್ತಾರೆ. ವರ್ಷದ ಗಳಿಕೆಯಲ್ಲಿ ಖರ್ಚು, ತೆರಿಗೆ ಕಳೆದು ಸಾಲಕ್ಕೆಂದು ಉಳಿಯುವ ಹಣವನ್ನು ಆ ವರ್ಷ ಕಟ್ಟಬೇಕಾದ ಅಸಲು-ಬಡ್ಡಿಯಿಂದ ಭಾಗಿಸುವುದು, ಅಷ್ಟೇ. ಸವಕಳಿಯನ್ನು ಖರ್ಚೆಂದು ಕಳೆಯುವುದಿಲ್ಲ, ಅದು ಕೈಯಿಂದ ಹೋಗುವ ಹಣವಲ್ಲ. ಉತ್ತರ 1 ಬಂದರೆ ಬಂದದ್ದೆಲ್ಲ ಸಾಲಕ್ಕೇ ಸರಿ. ಸರಾಸರಿ ಒಂದೂವರೆಯ ಹತ್ತಿರ ಇರಲಿ, ಯಾವ ವರ್ಷವೂ 1.20ಕ್ಕಿಂತ ಕೆಳಗಿಳಿಯದಿರಲಿ ಎಂಬುದು ಬ್ಯಾಂಕುಗಳಲ್ಲಿ ರೂಢಿಯ ಅಳತೆ. ಅಂದಾಜು ಪಟ್ಟಿಯ ಪ್ರಕಾರವೇ ನೋಡಿದರೆ, ತೆರಿಗೆ 23 ಲಕ್ಷ ಕಳೆದು ಉಳಿಯುವುದು 207 ಲಕ್ಷ. ಅಸಲು 100, ಬಡ್ಡಿ 55, ಒಟ್ಟು 155 ಲಕ್ಷ. ಅನುಪಾತ 1.34. ನಾಲ್ಕು ಪಟ್ಟು ಇದ್ದದ್ದು ಒಂದೂ ಕಾಲಿನ ಮೇಲೆ ತುಸು ಆಯಿತು. ಆದರೂ ಪಾಸು.

ಇಲ್ಲಿಗೆ ನಿಲ್ಲಿಸಿ ‘ಶಿಫಾರಸು ಮಾಡಿದೆ’ ಎಂದು ಬರೆದಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ನೋಟ್ ರುಚಿಕಟ್ಟಾಗುವುದು ಇಲ್ಲಿಂದ ಮುಂದೆ.

ಮೊದಲು ಅಧಿಕಾರಿ ಭರ್ತಿಯ ಅಂಕಿಯನ್ನು ಎರಡಾಗಿ ಸೀಳಿದರು. ಹಳೆಯ ಕಟ್ಟಡ ಮೂರು ವರ್ಷದಿಂದ ಶೇ. 95 ತುಂಬುತ್ತಿದೆ, ಅದು ನಿಜ. ಆದರೆ ಹೊಸ ಕಟ್ಟಡಕ್ಕೆ ಮೊದಲ ವರ್ಷವೇ ಅಷ್ಟು ಚೀಲ ಎಲ್ಲಿಂದ ಬರುತ್ತವೆ? ಬ್ಯಾಡಗಿಯ ಸುತ್ತಮುತ್ತ ಕೋಲ್ಡ್ ಸ್ಟೋರೇಜುಗಳಿಗೆ ಬರವಿಲ್ಲ. ವ್ಯಾಪಾರಿ ಮಾಲು ಇಡುವುದು ತನಗೆ ನಂಬಿಕೆ ಇರುವ ಕಡೆ, ಅದು ಒಂದೇ ಹಂಗಾಮಿಗೆ ಬದಲಾಗದು. ಹೊಸದಕ್ಕೆ ಶೇ. 70 ಹಿಡಿದರು. ಒಟ್ಟು 1,46,000 ಚೀಲ, ಬಾಡಿಗೆ 292 ಲಕ್ಷ. ಚೀಲ ಕಡಿಮೆಯಾಯಿತೆಂದು ಖರ್ಚನ್ನು ಅದೇ ಲೆಕ್ಕದಲ್ಲಿ ಇಳಿಸಲಿಲ್ಲ, ಅದು ಗಮನಿಸಬೇಕಾದ ಮಾತು. ಹೆಸ್ಕಾಂನ ಎರಡು ವರ್ಷದ ಬಿಲ್ಲುಗಳನ್ನು ತಿಂಗಳವಾರು ಜೋಡಿಸಿ, ಕೋಣೆ ಅರ್ಧ ಖಾಲಿಯಿದ್ದ ತಿಂಗಳಲ್ಲೂ ಯೂನಿಟ್ಟುಗಳು ಅರ್ಧವಾಗಿಲ್ಲ ಎಂದು ತೋರಿಸಿದರು. ಗೋಡೆ, ಸೂರು, ಬಾಗಿಲಿನಿಂದ ನುಗ್ಗುವ ಶಾಖವನ್ನು ಹೊರಹಾಕಲು ಕಂಪ್ರೆಸರ್ ಓಡಲೇಬೇಕು, ಒಳಗೆ ಚೀಲ ಎಷ್ಟಿದ್ದರೂ. ಆದ್ದರಿಂದ 112 ಲಕ್ಷದ ಖರ್ಚು ಇಳಿದದ್ದು 106ಕ್ಕೆ ಮಾತ್ರ. ತೆರಿಗೆ 10 ಲಕ್ಷಕ್ಕೆ ಇಳಿಯಿತು. ಸಾಲಕ್ಕೆ ಸಿಗುವುದು 176 ಲಕ್ಷ, ಕಟ್ಟಬೇಕಾದ್ದು 155. ಅನುಪಾತ 1.14.

ಆಮೇಲೆ ಒಂದು ಸಣ್ಣ ಟಿಪ್ಪಣಿ ಬರುತ್ತದೆ. ಸೂತ್ರದಲ್ಲಿ ಎಲ್ಲೂ ಕಾಣಿಸದ ಒಂದು ಖರ್ಚು ಪಾಲುದಾರಿ ಸಂಸ್ಥೆಗಳಲ್ಲಿ ಇರುತ್ತದೆ: ಪಾಲುದಾರರು ಮನೆಗೆಂದು ತೆಗೆದುಕೊಳ್ಳುವ ಹಣ. ಮಕ್ಕಳ ಮದುವೆ, ಹೊಲ, ಊರಲ್ಲಿ ಮನೆ. ಅದು ಲಾಭ-ನಷ್ಟದ ಪತ್ರಿಕೆಗೆ ಬರದೆ ನೇರ ಬಂಡವಾಳದ ಖಾತೆಯಿಂದ ಇಳಿಯುತ್ತದೆ. ಈ ನಾಲ್ವರು ವರ್ಷಕ್ಕೆ ಸರಾಸರಿ 24 ಲಕ್ಷ ತೆಗೆದಿದ್ದರು. 176ರಲ್ಲಿ 24 ಹೋದರೆ 152, ಕಟ್ಟಬೇಕಾದ್ದು 155. “ಪಾಲುದಾರರು ಈಗಿನಂತೆಯೇ ಬದುಕಿದರೆ ಸಾಲ ತೀರುವುದಿಲ್ಲ” ಎಂದು ನೋಟ್ ಹೇಳುತ್ತದೆ. ಇಷ್ಟು ಖಂಡತುಂಡ ವಾಕ್ಯವನ್ನು ಬ್ಯಾಂಕಿನ ಕಾಗದದ ಮೇಲೆ ಕಾಣುವುದು ಅಪರೂಪ. ಅದರಲ್ಲಿ ದೂರಿಲ್ಲ, ಬರೀ ಕಳೆಯುವ ಲೆಕ್ಕವಿದೆ.

ನನಗೆ ಅತಿ ಮೆಚ್ಚುಗೆಯಾದದ್ದು ನಾಲ್ಕನೇ ಪುಟ. ಅಲ್ಲಿ ಮೂರು ವರ್ಷದ ಬ್ಯಾಲೆನ್ಸ್ ಶೀಟಿನಿಂದ ಎರಡೇ ಸಾಲುಗಳನ್ನು ಎತ್ತಿ ಒಂದರ ಕೆಳಗೊಂದು ಇಟ್ಟಿದ್ದಾರೆ. ಬಾಡಿಗೆ ಆದಾಯ: 148, 150, 152 ಲಕ್ಷ. ಬರಬೇಕಾದ ಬಾಡಿಗೆ: 12, 19, 41 ಲಕ್ಷ. ಮೊದಲ ಸಾಲು ಸಮತಟ್ಟಾಗಿ ನಡೆಯುತ್ತಿದೆ, ಎರಡನೆಯದು ಮೂರನೇ ವರ್ಷದಲ್ಲಿ ದುಪ್ಪಟ್ಟು ಮೀರಿ ಹಾರಿದೆ. ಪುಸ್ತಕದಲ್ಲಿ 152 ಲಕ್ಷ ಬರೆದುಕೊಂಡ ವರ್ಷ ಬಾಕಿ 22 ಲಕ್ಷ ಬೆಳೆದಿದೆ ಎಂದರೆ, ಕೈಗೆ ಬಂದದ್ದು 130 ಲಕ್ಷ ಮಾತ್ರ. ಇದನ್ನು ಖಾತೆಯ ಜಮೆಗಳೊಂದಿಗೆ ತಾಳೆ ನೋಡಿದ್ದಾರೆ. ಬ್ಯಾಂಕ್ ಖಾತೆಗೆ ಬಂದದ್ದು 121 ಲಕ್ಷ. ಮಿಕ್ಕ 9 ಲಕ್ಷ ಎಲ್ಲಿ? ಗೇಟಿನ ಬಳಿಯ ಕೌಂಟರಿನಲ್ಲಿ ನಗದಾಗಿ ಬಂದು, ಅಲ್ಲೇ ಹಮಾಲಿ ಕೂಲಿಗೆ ಹೋಗಿತ್ತು. ಕೂಲಿಯ ಪುಸ್ತಕ ಅದನ್ನು ಒಪ್ಪಿತು.

ಬಾಕಿ ಬೆಳೆದದ್ದು ಯಾಕೆ ಎಂದು ತಿಳಿಯಲು ಅವರು ಸ್ಟೋರಿಗೆ ಹೋದರು. ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತ ಚೀಲದ ರಿಜಿಸ್ಟರ್ ತಿರುವಿದರು. ಲಾಟ್ ನಂಬರು, ಒಳಗೆ ಬಂದ ತಾರೀಕು, ಹೊರಗೆ ಹೋದ ತಾರೀಕು. ಬಾಡಿಗೆ ವಸೂಲಿಯ ಕಾಲಂ ಮಾತ್ರ ಹೊರಗೆ ಹೋದ ತಾರೀಕಿನ ಪಕ್ಕದಲ್ಲೇ ಇತ್ತು, ಒಳಗೆ ಬಂದ ತಾರೀಕಿನ ಪಕ್ಕದಲ್ಲಲ್ಲ. ಹಿರಿಯ ಪಾಲುದಾರರನ್ನು ಕೇಳಿದಾಗ ಅವರು ಅಂದದ್ದನ್ನು ನೋಟಿನಲ್ಲಿ ಹಾಗೆಯೇ ಬರೆದಿದ್ದಾರೆ: “ಚೀಲ ಹೋದ್ರ ರೊಕ್ಕ ಬರ್ತೈತ್ರಿ ಮೇಡಂ, ಚೀಲ ಇದ್ರ ಬರೇ ಲೆಕ್ಕ ಐತಿ.”

ಸಾಲದ ವಿಶ್ಲೇಷಣೆಯ ತಿರುಳೇ ಆ ಮಾತಿನಲ್ಲಿದೆ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿ ಎ.ಪಿ.ಎಂ.ಸಿ.ಯಲ್ಲಿ ರೈತರ ಸಿಟ್ಟು ಭುಗಿಲೆದ್ದು ವಾಹನಗಳಿಗೆ ಬೆಂಕಿ ಬಿದ್ದದ್ದು ಓದುಗರಿಗೆ ನೆನಪಿರಬಹುದು. ಅಂಥ ವರ್ಷ ಮಾಲು ವಿಪರೀತ ಬರುತ್ತದೆ, ಕೋಲ್ಡ್ ಸ್ಟೋರೇಜುಗಳು ಗಿಜಿಗುಡುತ್ತವೆ. ಲೆಕ್ಕದ ಪುಸ್ತಕ ನೋಡಿದವರು ‘ಒಳ್ಳೆಯ ವರ್ಷ’ ಎನ್ನುತ್ತಾರೆ. ಆದರೆ ದರ ಏರುವವರೆಗೆ ಯಾರೂ ಚೀಲ ಎತ್ತುವುದಿಲ್ಲ. ಚೀಲ ಎತ್ತದಿದ್ದರೆ ಬಾಡಿಗೆ ಬರುವುದಿಲ್ಲ. ಸ್ಟೋರು ತುಂಬಿದಷ್ಟೂ ಗಲ್ಲಾ ಖಾಲಿ. ಸಾಮಾನ್ಯವಾಗಿ ನಾವು ಭರ್ತಿಯ ಶೇಕಡಾವಾರು ನೋಡಿ ಅಪಾಯ ಅಳೆಯುತ್ತೇವೆ, ಖಾಲಿ ಇದ್ದರೆ ಕೆಟ್ಟದ್ದು, ತುಂಬಿದ್ದರೆ ಒಳ್ಳೆಯದು ಎಂದು. ಇಲ್ಲಿ ಭರ್ತಿಯಾಗಿಯೇ ಇರುವುದೂ ಅಪಾಯದ ಗುರುತು ಎಂದು ಈ ನೋಟ್ ಕಂಡುಹಿಡಿದಿದೆ.

ಹೀಗೆ ಕಂಡದ್ದನ್ನು ಅಂಕಿಗೆ ಇಳಿಸಿದರು. 152ರಲ್ಲಿ 22 ಸಿಕ್ಕಿಬಿದ್ದಿತ್ತು. ಅದೇ ಪ್ರಮಾಣ ಹಿಡಿದರೆ 292ರಲ್ಲಿ 42 ಲಕ್ಷ ಸಿಕ್ಕಿಬೀಳುತ್ತದೆ. 176ರಲ್ಲಿ ಅದನ್ನು ಕಳೆದರೆ 134. ಅನುಪಾತ 0.86. ಒಂದೇ ಸಂಸ್ಥೆ, ಒಂದೇ ಕಟ್ಟಡ: ಬಡ್ಡಿಯ ಲೆಕ್ಕದಲ್ಲಿ 4.2, ಪುಸ್ತಕದ ಲಾಭದಲ್ಲಿ 1.34, ವಿವೇಕದ ಅಂದಾಜಿನಲ್ಲಿ 1.14, ಕೆಟ್ಟ ವರ್ಷದ ನಗದಿನಲ್ಲಿ 0.86. ನಾಲ್ಕೂ ನಿಜ. ಯಾವುದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ತಿಳಿದಿರಬೇಕು.

0.86 ನೋಡಿ ಫೈಲು ಮುಚ್ಚುವುದು ಸುಲಭ. ಅಂಜುಬುರುಕ ಬ್ಯಾಂಕರ್ ಹಾಗೆಯೇ ಮಾಡುತ್ತಾನೆ, ತಾನು ಎಚ್ಚರಿಕೆಯವನೆಂದು ಬೀಗುತ್ತಾನೆ. ಈ ಅಧಿಕಾರಿ ಮಾತ್ರ ಇನ್ನೊಂದು ಪ್ರಶ್ನೆ ಕೇಳಿದರು: ಆ 42 ಲಕ್ಷ ಮುಳುಗಿದ ಹಣವೇ, ತಡವಾದ ಹಣವೇ? ಬಾಡಿಗೆ ಕೊಡದೆ ಚೀಲ ಗೇಟು ದಾಟುವುದಿಲ್ಲ. 200 ರೂಪಾಯಿ ಬಾಡಿಗೆಗೆ ಅಡವಿರುವುದು ಅದರ ಎಷ್ಟೋ ಪಟ್ಟು ಬೆಲೆಬಾಳುವ ಮೆಣಸಿನಕಾಯಿ. ರಿಜಿಸ್ಟರಿನಲ್ಲಿ ಹಿಂದಿನ ವರ್ಷಗಳ ಲಾಟುಗಳನ್ನು ಹಿಡಿದು ನೋಡಿದರೆ, ತಡವಾದವು ಸಿಕ್ಕಿದ್ದವು, ಬಾಡಿಗೆ ಬಿಟ್ಟುಕೊಟ್ಟದ್ದು ಕಾಣಲಿಲ್ಲ. ಹಾಗಾದರೆ ಈ ಸಂಸ್ಥೆಗೆ ಇರುವುದು ಹಣದ ಕೊರತೆಯಲ್ಲ, ವೇಳೆಯ ಕೊರತೆ. ಮದ್ದೂ ವೇಳೆಗೆ ಸಂಬಂಧಿಸಿದ್ದೇ ಆಗಬೇಕು.

ಆ ಮದ್ದನ್ನು ಹುಡುಕಲು ವರ್ಷದ ಲೆಕ್ಕವನ್ನು ಮೂರು ಮೂರು ತಿಂಗಳಿಗೆ ಒಡೆದರು. ಏಪ್ರಿಲ್‌ನಿಂದ ಜೂನ್‌ವರೆಗೆ ಬಾಡಿಗೆ ಬರುವುದು 30 ಲಕ್ಷ. ಅದೇ ಹೊತ್ತಿಗೆ ಬಿರುಬೇಸಗೆ, ಆಗಷ್ಟೇ ತುಂಬಿದ ಬಿಸಿ ಮಾಲನ್ನು ತಣಿಸುವ ಕೆಲಸ, ಕರೆಂಟು ಬಿಲ್ಲು ಮುಗಿಲಿಗೆ. ಖರ್ಚು 38 ಲಕ್ಷ. ಅಂದರೆ ಸಾಲದ ಮಾತು ಬರುವ ಮೊದಲೇ 8 ಲಕ್ಷ ಖೋತಾ. ಜುಲೈನಿಂದ ಸೆಪ್ಟೆಂಬರ್‌ವರೆಗೆ 47 ಲಕ್ಷ ಉಳಿಕೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 97, ಜನವರಿಯಿಂದ ಮಾರ್ಚ್‌ವರೆಗೆ 50. ಕೂಡಿದರೆ ವರ್ಷಕ್ಕೆ 186 ಲಕ್ಷ, 292ರಲ್ಲಿ ಖರ್ಚಿನ 106 ಕಳೆದಷ್ಟೇ. ಆದರೆ ಮಾಸಿಕ ಕಂತು ಈ ಏರಿಳಿತವನ್ನು ಕೇಳುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಅಸಲು 25, ಬಡ್ಡಿ 15, ಒಟ್ಟು 40 ಲಕ್ಷ ಕಟ್ಟು ಎನ್ನುತ್ತದೆ. 8 ಲಕ್ಷದ ಖೋತಾ ಬೇರೆ. 48 ಲಕ್ಷ ಎಲ್ಲಿಂದ ತರಬೇಕು?

ಕಟ್ಟಲಾಗದಿದ್ದರೆ ಏನಾಗುತ್ತದೆ ಎಂಬುದು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಸ್ಪಷ್ಟವಿದೆ. ಬಾಕಿ 30 ದಿನದವರೆಗೆ ಇದ್ದರೆ ಒಂದು ಎಚ್ಚರಿಕೆಯ ವರ್ಗ, 30 ದಾಟಿದರೆ ಇನ್ನೊಂದು, 60 ದಾಟಿದರೆ ಮತ್ತೊಂದು, 90 ದಿನ ಮೀರಿದರೆ ಎನ್.ಪಿ.ಎ. ಏಪ್ರಿಲ್ ಕೊನೆಯ ಕಂತು ನಿಂತರೆ, ಜುಲೈ ಮುಗಿಯುವಷ್ಟರಲ್ಲಿ ಆ ಗಡಿ ಎದುರಿಗೆ ಬಂದು ನಿಂತಿರುತ್ತದೆ. ಒಳಗೆ ಲಕ್ಷಕ್ಕೂ ಹೆಚ್ಚು ಚೀಲ ಮಾಲು ತಣ್ಣಗೆ ಕೂತಿರುತ್ತದೆ, ಅಕ್ಟೋಬರ್‌ನಿಂದ ಕೋಟಿಗೂ ಮೀರಿದ ಬಾಡಿಗೆ ಬರಲಿರುತ್ತದೆ, ಸಂಸ್ಥೆ ಮಾತ್ರ ಜುಲೈನಲ್ಲೇ ಕೆಟ್ಟ ಸಾಲಗಾರ ಎನಿಸಿಕೊಳ್ಳುತ್ತದೆ. ಬೆಳೆಗಳ ಸುತ್ತ ನಡೆಯುವ ಎಷ್ಟೋ ಉದ್ಯಮಗಳು ಕೆಟ್ಟದ್ದು ಹೀಗೆ, ವ್ಯಾಪಾರ ಸೋತು ಅಲ್ಲ, ಬ್ಯಾಂಕಿನವರು ಪಂಚಾಂಗ ನೋಡದೆ ಕಂತು ಬರೆದದ್ದರಿಂದ.

ಆದ್ದರಿಂದ ನೋಟ್ ಹೊಸ ಕಂತು ಬರೆಯಿತು. ಬಡ್ಡಿ ತಿಂಗಳು ತಿಂಗಳು ಕಟ್ಟತಕ್ಕದ್ದು. ಅಸಲು ವರ್ಷಕ್ಕೆ ಮೂರೇ ಬಾರಿ: ಸೆಪ್ಟೆಂಬರ್ ಕೊನೆಗೆ ಸಣ್ಣದು, ಡಿಸೆಂಬರ್ ಕೊನೆಗೆ ದೊಡ್ಡದು, ಮಾರ್ಚ್ ಕೊನೆಗೆ ಮಧ್ಯಮದ್ದು. ಇಲ್ಲಿ ಅವರ ಪ್ರಾಮಾಣಿಕತೆ ನೋಡಿ. ಅಸಲು ತಡವಾಗಿ ಕಟ್ಟಿದರೆ ಬಡ್ಡಿ ಏರುತ್ತದೆ. 6 ಕೋಟಿಯ ಮೇಲೆ ಮೊದಲ ವರ್ಷವೇ 55 ಇದ್ದದ್ದು 58 ಲಕ್ಷವಾಗುತ್ತದೆ, ಅನುಪಾತ 1.14ರಿಂದ 1.11ಕ್ಕೆ ಇಳಿಯುತ್ತದೆ ಎಂದು ತಾವೇ ಬರೆದಿದ್ದಾರೆ. ತಮ್ಮ ಸಲಹೆ ಅನುಪಾತವನ್ನು ಕೆಡಿಸುತ್ತದೆ ಎಂದು ಒಪ್ಪಿಕೊಂಡೂ ಸಲಹೆಯನ್ನು ಬಿಡಲಿಲ್ಲ. ವರ್ಷದ ಅನುಪಾತ ಚೆಂದ ಕಾಣಬೇಕೋ, ಜುಲೈನಲ್ಲಿ ಖಾತೆ ಉಳಿಯಬೇಕೋ ಎಂದರೆ ಎರಡನೆಯದನ್ನೇ ಆರಿಸಿಕೊಂಡರು.

1.11ಕ್ಕೆ ಸಾಲ ಕೊಡಲಾಗದು. ಹಾಗಾಗಿ ಸಾಲವನ್ನೇ ಚಿಕ್ಕದು ಮಾಡಿದರು. 5 ಕೋಟಿ 40 ಲಕ್ಷ ಎಂಬ ಅಂಕಿ ಚೌಕಾಸಿಯಲ್ಲಿ ಹುಟ್ಟಿದ್ದಲ್ಲ. ಅಸಲು ವರ್ಷಕ್ಕೆ 90 ಲಕ್ಷ, ಸೆಪ್ಟೆಂಬರ್‌ನಲ್ಲಿ 20, ಡಿಸೆಂಬರ್‌ನಲ್ಲಿ 45, ಮಾರ್ಚ್‌ನಲ್ಲಿ 25. ಬಡ್ಡಿ 52. ಒಟ್ಟು 142. ತೆರಿಗೆ ತುಸು ಏರಿ, ಸಾಲಕ್ಕೆ ಸಿಗುವುದು 175 ಲಕ್ಷ. ಅನುಪಾತ 1.23. ಅಳತೆಗೆ ಸರಿಹೋಗುವ ಸಾಲ ಎಷ್ಟೋ ಅಷ್ಟು, ಮೇಲಿನದನ್ನು ಪಾಲುದಾರರು ತರಲಿ.

ಇದಾದ ಮೇಲೆ ಬರುವ ಒಂದು ಲೆಕ್ಕ ಇಡೀ ನೋಟಿನ ಬೆನ್ನೆಲುಬು. ಎಷ್ಟು ಚೀಲ ಬಂದರೆ ಕಷ್ಟಪಟ್ಟಾದರೂ ಸಾಲ ತೀರುತ್ತದೆ? ಕಟ್ಟಬೇಕಾದ 142ಕ್ಕೆ ಖರ್ಚಿನ 106 ಕೂಡಿಸಿದರೆ 248 ಲಕ್ಷ. ಆ ಮಟ್ಟದಲ್ಲಿ ಸವಕಳಿ ಕಳೆದರೆ ಲಾಭವೇ ಇಲ್ಲ, ಆದ್ದರಿಂದ ತೆರಿಗೆಯೂ ಇಲ್ಲ. 248 ಲಕ್ಷವನ್ನು 200ರಿಂದ ಭಾಗಿಸಿದರೆ 1,24,000 ಚೀಲ. ಅದರಲ್ಲಿ 76,000 ಚೀಲ ಹಳೆಯ ಕಟ್ಟಡಕ್ಕೆ ವರ್ಷ ವರ್ಷವೂ ಬರುತ್ತಿವೆ. ಹೊಸದಕ್ಕೆ ಬೇಕಾದ್ದು 48,000. ಹೊಸ ಕಟ್ಟಡ ಅರ್ಧಕ್ಕೂ ಕಡಿಮೆ ತುಂಬಿದರೂ ಸಾಲ ನಿಲ್ಲುತ್ತದೆ. ಅನುಪಾತಗಳ ಪರಿಚಯವಿಲ್ಲದ ಕಮಿಟಿ ಸದಸ್ಯರಿಗೂ ಈ ಒಂದು ವಾಕ್ಯ ಅರ್ಥವಾಗುತ್ತದೆ. ಪಾಲುದಾರರಿಗಂತೂ ಇದಕ್ಕಿಂತ ಬೇರೆ ಭಾಷೆ ಬೇಕಿಲ್ಲ, ಅವರು ಲೆಕ್ಕ ಹಾಕುವುದೇ ಚೀಲದಲ್ಲಿ.

ಇನ್ನು ಷರತ್ತುಗಳು. ಮಾಮೂಲಿ ಮಂಜೂರಾತಿ ಪತ್ರದಲ್ಲಿ ಷರತ್ತುಗಳು ಪುಟಗಟ್ಟಲೆ ಇರುತ್ತವೆ. ‘ಎಲ್ಲ ಕಾನೂನುಗಳನ್ನು ಪಾಲಿಸತಕ್ಕದ್ದು’ ಎಂಬಂಥವನ್ನು ಬರೆದವರೂ ಓದುವುದಿಲ್ಲ. ಇಲ್ಲಿರುವುದು ಆರು. ಒಂದೊಂದಕ್ಕೂ ಹಿಂದಿನ ಪುಟದಲ್ಲಿ ಒಂದೊಂದು ಬೇರು ಇದೆ.

ಮೊದಲನೆಯದು ಪಾಲುದಾರರ 2 ಕೋಟಿ 60 ಲಕ್ಷ ಮೊದಲು ಕಟ್ಟಡಕ್ಕೆ ಇಳಿಯಬೇಕು, ಅದರ ಮೂಲ ತೋರಿಸಬೇಕು, ಆಮೇಲೆ ಬ್ಯಾಂಕಿನ ಹಣ. ಹೆಚ್ಚುವರಿ 60 ಲಕ್ಷವನ್ನು ಕೈಸಾಲ ಮಾಡಿ ತಂದರೆ 1.23 ಎಂಬುದು ಕಾಗದದ ಮೇಲಿನ ಅಂಕಿಯಷ್ಟೇ ಆಗುತ್ತದೆ. ಆ ಕೈಸಾಲದ ಬಡ್ಡಿಯೂ ಇದೇ ಬಾಡಿಗೆಯಿಂದಲೇ ಹೋಗಬೇಕಲ್ಲ. ಎರಡನೆಯದು ಜಮೀನಿನದು. ಹೊಸ ಕಟ್ಟಡ ಏಳುವ ಜಾಗದ ಒಂದು ಭಾಗ ಇನ್ನೂ ಕೃಷಿ ಭೂಮಿಯಾಗಿಯೇ ದಾಖಲೆಯಲ್ಲಿದೆ. ಭೂ ಪರಿವರ್ತನೆಯ ಆದೇಶ ಕೈಗೆ ಬಂದು, ಹಕ್ಕುಪತ್ರ ಅಡಮಾನವಾಗುವವರೆಗೆ ಒಂದು ರೂಪಾಯಿಯೂ ಬಿಡುಗಡೆ ಇಲ್ಲ. ಕಾರಣ, 2002ರ ಸರ್ಫೇಸಿ ಕಾಯ್ದೆಯಡಿ ಕೋರ್ಟಿಗೆ ಹೋಗದೆ ಅಡವಿನ ಆಸ್ತಿಯನ್ನು ವಶಕ್ಕೆ ಪಡೆಯುವ ಅಧಿಕಾರ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಕಟ್ಟಡದ ಒಂದು ಕಾಲು ಪರಿವರ್ತನೆಯಾಗದ ನೆಲದ ಮೇಲಿದ್ದರೆ ಅಡಮಾನಕ್ಕೆ ಹಲ್ಲಿಲ್ಲ.

ಮೂರನೆಯದು 27 ಲಕ್ಷದ ಮೀಸಲು ಠೇವಣಿ. ಏಪ್ರಿಲ್-ಜೂನ್‌ನ 8 ಲಕ್ಷ ಖೋತಾ, ಆ ಮೂರು ತಿಂಗಳ ಬಡ್ಡಿ ಹದಿಮೂರೂವರೆ ಲಕ್ಷ, ಎರಡೂ ಸೇರಿ ಇಪ್ಪತ್ತೊಂದೂವರೆ. ಮೀಸಲು ಅದನ್ನು ಹೊತ್ತು, ಡಿಸೆಂಬರ್ ಒಳಗೆ ಮತ್ತೆ ತುಂಬಿಕೊಳ್ಳುತ್ತದೆ. ಬಾಡಿಗೆ ತಡವಾಗುವ ಕೆಟ್ಟ ವರ್ಷದಲ್ಲಿ 175ರಲ್ಲಿ 42 ಹೋಗಿ 133 ಉಳಿದರೆ ವರ್ಷದ ಕೊರತೆ 9 ಲಕ್ಷ, ಅದನ್ನೂ ಇದೇ ಮೀಸಲು ತಡೆಯುತ್ತದೆ. ಹಾಗೆಂದು ಇಂಥ ಎರಡು ವರ್ಷ ಬೆನ್ನುಬೆನ್ನಿಗೆ ಬಂದರೆ ಸಾಲದು ಎಂದೂ ನೋಟ್ ಬರೆದಿಟ್ಟಿದೆ. ನಾಲ್ಕನೆಯದು, ಬಾಡಿಗೆಯೆಲ್ಲ ಒಂದೇ ಖಾತೆಗೆ ಬರಬೇಕು, ಕೌಂಟರಿನ ನಗದು ಅಲ್ಲೇ ಕರಗಬಾರದು. ಇದು ಆ 9 ಲಕ್ಷದ ಕಾಣದ ಹಣದಿಂದ ಹುಟ್ಟಿದ್ದು. ಐದನೆಯದು ಪಾಲುದಾರರು ತೆಗೆಯುವ ಹಣಕ್ಕೆ ಬೇಲಿ: ವರ್ಷಕ್ಕೆ 24 ಲಕ್ಷದವರೆಗೆ ತೆಗೆಯಬಹುದು, ಆದರೆ ಮಾರ್ಚ್ ಕಂತು ಕಟ್ಟಿಯಾದ ಮೇಲೆ, ಮೀಸಲು ತುಂಬಿರುವಾಗ ಮಾತ್ರ. ಒಳ್ಳೆಯ ವರ್ಷದಲ್ಲಿ ಸಾಲ ಕಳೆದು 33 ಲಕ್ಷ ಉಳಿಯುತ್ತದೆ. ಅವರ ಮನೆ ನಡೆಯುತ್ತದೆ, 9 ಲಕ್ಷ ಒಳಗೂ ನಿಲ್ಲುತ್ತದೆ. ಹಣ ಮುಟ್ಟಬೇಡಿ ಎನ್ನುವ ಷರತ್ತನ್ನು ಯಾರೂ ಪಾಲಿಸುವುದಿಲ್ಲ. ಸಾಲದ ನಂತರ ಮುಟ್ಟಿ ಎನ್ನುವುದನ್ನು ಪಾಲಿಸಬಹುದು.

ಆರನೆಯದನ್ನು ನಾನು ಬೇರೆ ನೋಟುಗಳಿಗೂ ಎರವಲು ಪಡೆದಿದ್ದೇನೆ. ಪ್ರತಿ ವರ್ಷ ಡಿಸೆಂಬರ್ 31ಕ್ಕೆ ಒಳಗೆ ಉಳಿದಿರುವ ಹಳೆಯ ಚೀಲಗಳನ್ನು ಎಣಿಸಿ ವರದಿ ಕೊಡಬೇಕು. 50,000 ದಾಟಿದರೆ ಆ ವರ್ಷ ಪಾಲುದಾರರು ಹಣ ತೆಗೆಯುವಂತಿಲ್ಲ, ಶಾಖೆಯವರು ಖುದ್ದು ಹೋಗಿ ನೋಡಬೇಕು. ತಾರೀಕನ್ನು ಎಷ್ಟು ಯೋಚಿಸಿ ಆರಿಸಿದ್ದಾರೆ ನೋಡಿ. ಹೊಸ ಹಂಗಾಮಿನ ಮಾಲು ಆಗ ಇನ್ನೂ ಜೋರಾಗಿರುವುದಿಲ್ಲ, ಒಳಗಿರುವುದು ಬಹುಪಾಲು ಎತ್ತದೆ ಉಳಿದದ್ದೇ. ಸಾಮಾನ್ಯ ವರ್ಷದಲ್ಲಿ ಜನವರಿ-ಮಾರ್ಚ್‌ನಲ್ಲಿ ಬರುವ 75 ಲಕ್ಷ ಬಾಡಿಗೆ ಎಂದರೆ ಸುಮಾರು 37,500 ಚೀಲ. ತಡವಾಗುವ 42 ಲಕ್ಷವೆಂದರೆ ಇನ್ನೂ 21,000. ಗೆರೆ ಎಳೆದಿರುವುದು ಮೊದಲನೆಯದಕ್ಕೂ ಇವೆರಡರ ಮೊತ್ತಕ್ಕೂ ನಡುವೆ. ಬ್ಯಾಲೆನ್ಸ್ ಶೀಟ್ ಕಾಯುತ್ತ ಕೂತರೆ ಅದು ಕೈಗೆ ಬರುವುದು ಮುಂದಿನ ವರ್ಷದ ಅರ್ಧ ಕಳೆದ ಮೇಲೆ. ಚೀಲ ಎಣಿಸಿದರೆ ರೋಗ ಮಾರ್ಚ್ ಕಂತಿಗೆ ಮೂರು ತಿಂಗಳು ಮೊದಲೇ ತಿಳಿಯುತ್ತದೆ.

ಅಪಾಯಗಳ ಪುಟವನ್ನು ಬೇಗ ದಾಟಬಹುದು. ಬಡ್ಡಿ ರೆಪೊ ದರಕ್ಕೆ ಕಟ್ಟಿರುವುದರಿಂದ, 2022ರ ಮೇ ಮತ್ತು 2023ರ ಫೆಬ್ರುವರಿ ನಡುವೆ ಆದಂತೆ ದರ ಎರಡೂವರೆ ಶೇಕಡಾ ಏರಿದರೆ ವರ್ಷಕ್ಕೆ 13 ಲಕ್ಷ ಹೊರೆ, ಅನುಪಾತ 1.15ರ ಆಸುಪಾಸು. ಪಕ್ಕದಲ್ಲಿ ಇನ್ನೊಂದು ಸ್ಟೋರು ಎದ್ದು ಬಾಡಿಗೆ 180ಕ್ಕೆ ಬಿದ್ದರೆ 1.09. ಎರಡೂ ಒಟ್ಟಿಗೆ ಬಂದರೆ ಸಾಲ ತತ್ತರಿಸುತ್ತದೆ. ಅದನ್ನು ಮುಚ್ಚಿಟ್ಟಿಲ್ಲ, ಅದಕ್ಕೆ ಮದ್ದಿದೆ ಎಂದು ನಟಿಸಿಯೂ ಇಲ್ಲ. ಒಂದೇ ಊರು, ಒಂದೇ ಬೆಳೆ ಎಂಬ ಅಪಾಯವನ್ನು ಯಾವ ಷರತ್ತೂ ತೆಗೆಯಲಾರದು.

ಕಮಿಟಿಯಲ್ಲಿ ಒಬ್ಬ ಸದಸ್ಯರು ಕೇಳಿದ್ದು ಒಂದೇ ಪ್ರಶ್ನೆ: ಕಟ್ಟಡದ ಅಡಮಾನ ಸಾಲಕ್ಕಿಂತ ಎಷ್ಟೋ ಹೆಚ್ಚಿರುವಾಗ ಇಷ್ಟೆಲ್ಲ ಷರತ್ತು ಯಾಕೆ? ಉತ್ತರ ನೋಟಿನಲ್ಲೇ ಇತ್ತು. ಮೆಣಸಿನಕಾಯಿಯ ತಂಪುಮನೆಯನ್ನು ಹರಾಜಿಗೆ ಇಟ್ಟರೆ ಕೊಳ್ಳುವವರು ಅದೇ ಊರಿನ ಇನ್ನೊಬ್ಬ ತಂಪುಮನೆಯವರು ಮಾತ್ರ. ಇವರು ಸೋಲುವಂಥ ವರ್ಷದಲ್ಲಿ ಅವರ ಕೈಯಲ್ಲೂ ಹಣವಿರುವುದಿಲ್ಲ. ಅಡಮಾನದ ಬೆಲೆ ಅಗತ್ಯ ಬೀಳುವ ಹೊತ್ತಿಗೇ ಕುಸಿಯುತ್ತದೆ. ಆದ್ದರಿಂದ ಈ ಸಾಲಕ್ಕೆ ಭದ್ರತೆ ಎಂದರೆ ಹೊರಗೆ ಹೋಗುವ ಚೀಲಗಳೇ, ಅವುಗಳ ದಾರಿ ಕಾಯುವುದೇ ಬ್ಯಾಂಕಿನ ಕೆಲಸ. ಆರೂ ಷರತ್ತುಗಳೊಂದಿಗೆ ಪ್ರಸ್ತಾವ ಮಂಜೂರಾಯಿತು, ಒಂದನ್ನೂ ಸಡಿಲಿಸಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಸೇರಿಸಬೇಕೆಂದು ನಾನು ನೋಟನ್ನು ತಿರುಗಿಸಿ ನೋಡಿದ್ದೆ. ಯಾವ ಅಂಕಿಯೂ ಷರತ್ತಿಲ್ಲದೆ ಉಳಿದಿರಲಿಲ್ಲ.